ಒಂದು ಮನೆಗೆ ಒಂದು ಕಾರ್ ಜಾಗ ಅನ್ನೋ ಲೆಕ್ಕದ ಬಗ್ಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಕಟ್ಟಡ ನಿಯಮ ರೂಪಿಸೋ, ನಕ್ಷೆ ಮಂಜೂರು ಮಾಡೋ, ಕಟ್ಟಿದ ಮೇಲೆ ವಾಸಕ್ಕೆ ಅನುಮತಿ ಅಂತ ಓಸಿ ಕೊಡೋ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಕನಕಪುರ ರಸ್ತೆಯಿಂದ ಸ್ವಲ್ಪ ಒಳಗೆ, ದೊಡ್ಡಕಲ್ಲಸಂದ್ರ ಮೆಟ್ರೋ ಸ್ಟೇಷನ್ನಿಗೆ ನಡ್ಕೊಂಡು ಹೋದ್ರೆ ಹತ್ತು ನಿಮಿಷ ಆಗೋ ಒಂದು ಅಪಾರ್ಟ್‌ಮೆಂಟಲ್ಲಿ 2017ರಿಂದ ಇದೀನಿ. 60 ಮನೆ, 40 ಟೂ ಬಿಎಚ್‌ಕೆ, 20 ತ್ರೀ ಬಿಎಚ್‌ಕೆ. ಎರಡು ವರ್ಷ ಅಸೋಸಿಯೇಷನ್ ಕಮಿಟೀಲಿ ಪಾರ್ಕಿಂಗ್ ಜವಾಬ್ದಾರಿ ನನ್ನ ತಲೆ ಮೇಲೆ ಬಿದ್ದಿತ್ತು. ಆ ಎರಡು ವರ್ಷದಲ್ಲಿ ನೋಡಿದ್ದು, ಅಳೆದಿದ್ದು, ಎಣಿಸಿದ್ದನ್ನ ನಿಮ್ಮ ಮುಂದೆ ಇಡ್ತಾ ಇದೀನಿ. ಈಗ ಯಾಕೆ ಅಂದ್ರೆ ನಮ್ಮ ಎದುರಿಗೆ 210 ಮನೆಯ ಹೊಸ ಪ್ರಾಜೆಕ್ಟ್ ಶುರುವಾಗಿದೆ, ನೆಲ ಅಗೀತಾ ಇದಾರೆ, ಅಲ್ಲೂ ಅದೇ ನಿಯಮ, ಅದೇ ತಪ್ಪು ಇನ್ನೊಂದ್ಸಲ ಮೂರೂವರೆ ಪಟ್ಟು ದೊಡ್ಡದಾಗಿ ಆಗುತ್ತೆ ಅಂತ ನಂಗೆ ಕಾಣ್ತಾ ಇದೆ.

ಮೊದಲು ನಿಯಮ ಏನು ಅಂತ ಹೇಳ್ಬಿಡ್ತೀನಿ, ಇದನ್ನ ಓದೋ ಎಷ್ಟೋ ಫ್ಲ್ಯಾಟ್ ಮಾಲೀಕರಿಗೇ ಗೊತ್ತಿರಲ್ಲ. ಬಿಡಿಎ ಮಾಸ್ಟರ್ ಪ್ಲಾನ್ 2015 ಅಂತ ಕರೀತೀವಲ್ಲ, 2007ರಲ್ಲಿ ಮಂಜೂರಾಗಿದ್ದು, ಅದರ ವಲಯ ನಿಯಮಗಳಲ್ಲಿ ಪಾರ್ಕಿಂಗ್ ಟೇಬಲ್ ಒಂದಿದೆ. ಅಪಾರ್ಟ್‌ಮೆಂಟಿನ ಮನೆ 50 ಚದರ ಮೀಟರ್ ಮೀರಿ 150 ಚದರ ಮೀಟರ್ ಒಳಗಿದ್ರೆ ಮನೆಗೊಂದು ಕಾರ್ ಜಾಗ ಕೊಡ್ಲೇಬೇಕು, ಅದರ ಮೇಲೆ ಬಂದು ಹೋಗೋರಿಗೆ ಅಂತ ನೂರಕ್ಕೆ ಹತ್ತರಷ್ಟು ಹೆಚ್ಚಿಗೆ. ಇನ್ನೂ ದೊಡ್ಡ ಮನೆಗಳ ಲೆಕ್ಕ ಬೇರೆ ಇದೆ, ಅದು ಇಲ್ಲಿ ಬೇಡ. ಈ 50ರಿಂದ 150ರ ಒಂದೇ ಸ್ಲ್ಯಾಬ್ ಅನ್ನೋದನ್ನ ಸ್ವಲ್ಪ ಗಮನಿಸಿ ಸರ್. ಸ್ಕ್ವೇರ್ ಫೀಟಲ್ಲಿ ಹೇಳೋದಾದ್ರೆ 550ರ ಸಣ್ಣ ಒನ್ ಬಿಎಚ್‌ಕೆಗೂ ಒಂದು, 1600ರ ದೊಡ್ಡ ತ್ರೀ ಬಿಎಚ್‌ಕೆಗೂ ಒಂದು. ಬೆಂಗಳೂರಲ್ಲಿ ಮಧ್ಯಮ ವರ್ಗದವರು ಕೊಳ್ಳೋ ಹೆಚ್ಚುಕಮ್ಮಿ ಎಲ್ಲ ಫ್ಲ್ಯಾಟೂ ಇದೇ ಸ್ಲ್ಯಾಬಲ್ಲಿ ಬಂದ್ಬಿಡುತ್ತೆ.

ನಮ್ಮ ಟೂ ಬಿಎಚ್‌ಕೆಗಳು ಸುಮಾರು 95 ಚದರ ಮೀಟರ್, ತ್ರೀ ಬಿಎಚ್‌ಕೆಗಳು 140. ಹಾಗಾಗಿ ನಿಯಮದ ಪ್ರಕಾರ 60, ವಿಸಿಟರ್ಸಿಗೆ 6, ಒಟ್ಟು 66. ಮಂಜೂರಾದ ನಕ್ಷೇಲಿ ಸರಿಯಾಗಿ 66 ಪೆಟ್ಟಿಗೆ ಬರೆದಿದಾರೆ, ಬೇಸ್‌ಮೆಂಟಲ್ಲೂ ಪಿಲ್ಲರುಗಳ ನಡುವೆ ಖಾಲಿ ಬಿಟ್ಟಿರೋ ನೆಲಮಟ್ಟದ ಸ್ಟಿಲ್ಟಲ್ಲೂ ಸೇರಿ. ಕಾಗದದ ಮೇಲೆ ಒಂದೂ ಕಮ್ಮಿ ಇಲ್ಲ. ಆದ್ರೂ ದಿನಾ ರಾತ್ರಿ ಹನ್ನೊಂದು ಗಂಟೆಗೆ ನೀವು ನಮ್ಮ ಗೇಟ್ ಹತ್ರ ಬಂದು ನಿಂತ್ರೆ ನಮ್ಮ ಬಿಲ್ಡಿಂಗಿನದೇ 12 ಕಾರು ರಸ್ತೇಲಿ ನಿಂತಿರ್ತವೆ. ಮೂವತ್ತಡಿ ರಸ್ತೆ ಅದು, ಎರಡೂ ಕಡೆ ಕಾರ್ ನಿಂತ ಮೇಲೆ ನೀರಿನ ಟ್ಯಾಂಕರ್ ಬಂದ್ರೆ ರಿವರ್ಸ್ ಹೋಗ್ಬೇಕು. ಒಂದ್ಸಲ ಪಕ್ಕದ ಮನೆಯವರಿಗೆ ಆಂಬುಲೆನ್ಸ್ ಬಂದಾಗ ಸ್ಟ್ರೆಚರನ್ನ ತಿರುವಿನಿಂದ ಇಲ್ಲಿವರೆಗೂ ಎತ್ಕೊಂಡು ಬಂದ್ರು, ಅವತ್ತು ಅಡ್ಡ ನಿಂತಿದ್ದ ಕಾರುಗಳಲ್ಲಿ ನಮ್ಮವೂ ಇದ್ವು, ಅದನ್ನ ನೋಡಿದ್ಮೇಲೇ ನಾನು ಟೇಪ್ ಹಿಡ್ಕೊಂಡು ಬೇಸ್‌ಮೆಂಟಿಗೆ ಇಳಿದಿದ್ದು.

ಸಿವಿಲ್ ಇಂಜಿನಿಯರ್ ಆಗಿರೋ ನಮ್ಮ ನಾಲ್ಕನೇ ಮಹಡಿ ಸರ್ ಜೊತೆಗಿದ್ರು. ಅವರು ಮೊದಲು ಹೇಳಿಕೊಟ್ಟಿದ್ದು ಏನಂದ್ರೆ ಪಿಲ್ಲರ್ ಮಧ್ಯದಿಂದ ಮಧ್ಯಕ್ಕೆ ಅಳೀಬೇಡಿ, ನಕ್ಷೇಲಿ ಹಾಗೇ ಬರ್ದಿರ್ತಾರೆ, ಪಿಲ್ಲರಿನ ಮುಖದಿಂದ ಮುಖಕ್ಕೆ ಅಳೀರಿ, ಕಾರಿಗೆ ಸಿಗೋದು ಅಷ್ಟೇ ಅಂತ. ಕಾರೊಂದಕ್ಕೆ ಎರಡೂವರೆ ಮೀಟರ್ ಅಗಲ ಬೇಕು ಅಂದ್ರೆ ಎರಡು ಪಿಲ್ಲರ್ ನಡುವೆ ಮೂರು ಕಾರಿಗೆ ಏಳೂವರೆ ಮೀಟರ್ ಖಾಲಿ ಇರ್ಬೇಕು. ನಮ್ಮಲ್ಲಿ ಮೂರು ಕಡೆ ಅಳೆದಾಗ 6.9 ಮೀಟರ್ ಬಂತು, ಅಲ್ಲಿ ಮೂರು ಗೆರೆ ಹಾಕಿ ಮೂರು ಜನಕ್ಕೆ ಕೊಟ್ಟಿದಾರೆ. ಅಂದ್ರೆ ತಲಾ 2.3 ಮೀಟರ್. ಮಧ್ಯದ ಸ್ಲಾಟಿನಲ್ಲಿ ನಿಲ್ಲಿಸೋ ಅಂಕಲ್ ಕಾರಿನಿಂದ ಇಳಿಯೋಕೆ ಆಗಲ್ಲ, ಹೆಂಡ್ತೀನ ಹೊರಗೇ ಇಳಿಸಿ ಆಮೇಲೆ ಪಕ್ಕದವರ ಕಾರು ಇಲ್ದಿರೋ ಹೊತ್ತು ನೋಡ್ಕೊಂಡು ಒಳಗೆ ಹಾಕ್ತಿದ್ರು, ಕೊನೆಗೆ ಅವರೂ ರಸ್ತೆಗೆ ಹೋದ್ರು. ಪಿಲ್ಲರ್ ಎಲ್ಲಿ ಬರ್ಬೇಕು ಅನ್ನೋದನ್ನ ಮೇಲಿನ ಬೆಡ್‌ರೂಮು ಹಾಲು ನೋಡಿ ನಿರ್ಧಾರ ಮಾಡಿದಾರೆ, ಕೆಳಗೆ ಕಾರು ಹೆಂಗೆ ಕೂರುತ್ತೆ ಅಂತ ಆಮೇಲೆ ಗೆರೆ ಎಳೆದು ಹೊಂದಿಸಿದಾರೆ, ಇದು ನೋಡಿದ್ರೇ ಗೊತ್ತಾಗುತ್ತೆ.

ಇನ್ನು ಐದು ಸ್ಲಾಟು ಇನ್ನೊಂದರ ಹಿಂದೆ ಇವೆ. ಮುಂದಿನ ಕಾರು ತೆಗೆದ್ರೆ ಮಾತ್ರ ಹಿಂದಿಂದು ಹೊರಗೆ ಬರುತ್ತೆ, ಆದ್ರೆ ಮುಂದಿಂದು ಒಬ್ಬರದು ಹಿಂದಿಂದು ಇನ್ನೊಬ್ಬರದು. ಬೆಳಗ್ಗೆ ಆರು ಗಂಟೆಗೆ ಏರ್‌ಪೋರ್ಟಿಗೆ ಹೋಗ್ಬೇಕಾದೋರು ಮೇಲಿನ ಮನೆಯವರನ್ನ ಎಬ್ಬಿಸಿ ಕೀ ಕೇಳ್ಬೇಕು. ಎರಡು ಸ್ಲಾಟು ಕರೆಂಟ್ ಪ್ಯಾನಲ್ ರೂಮಿನ ಬಾಗಿಲ ಮುಂದೆ ಇವೆ, ಲೈನ್‌ಮನ್ ಬಂದ್ರೆ ಬಾಗಿಲು ತೆಗೆಯೋಕೆ ಆಗಲ್ಲ ಅಂತ ನಾವೇ ಅಲ್ಲಿ ನಿಲ್ಲಿಸೋದು ಬೇಡ ಅಂದ್ವಿ. ಒಂದು ರಾಂಪ್ ಇಳಿದ ತಕ್ಷಣ ತಿರುವಿನಲ್ಲೇ ಇದೆ, ಅಲ್ಲಿ ಕಾರಿದ್ರೆ ಬೇರೆ ಯಾರ ಕಾರೂ ತಿರುಗಲ್ಲ. ಹೀಗೆ ಲೆಕ್ಕ ಹಾಕಿದ್ರೆ ಇಕ್ಕಟ್ಟಿನ ಮೂರು ಕಡೆ ಒಂದೊಂದರಂತೆ ಮೂರು, ಹಿಂದಿನ ಐದು, ಪ್ಯಾನಲ್ ರೂಮಿಂದು ಎರಡು, ರಾಂಪಿಂದು ಒಂದು, ಒಟ್ಟು 11 ಹೋಗಿ ನೆಟ್ಟಗೆ ಕಾರು ನಿಲ್ಲಿಸಬಹುದಾದ ಜಾಗ 55. ಈ 66ನ್ನ ಯಾರೋ ಒಬ್ಬ ಅಧಿಕಾರಿ ಬಂದು ನೋಡಿ ಸರಿ ಇದೆ ಅಂತ ಓಸಿಗೆ ಸಹಿ ಹಾಕಿದಾರೆ. ಗೆರೆ ಎಣಿಸಿರ್ಬೇಕು, ಕಾರು ಹಾಕಿ ನೋಡಿಲ್ಲ.

ಇಷ್ಟೇ ಆಗಿದ್ರೆ ನಾನು ಬಿಲ್ಡರ್ ಮೋಸ ಅಂತ ಸುಮ್ಮನಾಗ್ತಿದ್ದೆ, ಈ ಪತ್ರ ಬರೀತಿರ್ಲಿಲ್ಲ. ಆದ್ರೆ ಆಮೇಲೆ ನಾವು ಮನೆ ಮನೆಗೆ ಹೋಗಿ ಗಾಡಿ ಎಣಿಸಿದ್ವಿ, ಆಗ ಬಂದ ಲೆಕ್ಕ ನೋಡಿ ನನ್ನ ಅಭಿಪ್ರಾಯವೇ ಬದಲಾಯ್ತು. ಅಲ್ಲಿವರೆಗೂ ನಾನೂ ಎಲ್ಲರ ಹಾಗೆ, ಮನೆಗೆ ಒಂದು ಸಾಕಾಗಲ್ಲ, ಎರಡು ಕಡ್ಡಾಯ ಮಾಡ್ಬೇಕು ಅಂತಾನೇ ವಾದ ಮಾಡ್ತಿದ್ದೆ.

60 ಮನೆಗೆ ಇರೋ ಕಾರು 55. ಅಂದ್ರೆ ಕಾರು ನಿಲ್ಲೋ ಜಾಗ 55, ಕಾರೂ 55. ಹಾಗಿದ್ರೆ 12 ಕಾರು ಯಾಕೆ ರಸ್ತೇಲಿವೆ? ಯಾಕಂದ್ರೆ 14 ಮನೇಲಿ ಕಾರೇ ಇಲ್ಲ, 9 ಮನೇಲಿ ಎರಡೆರಡು ಇದೆ. ಕಾರಿಲ್ಲದ 14 ಮನೆಯವರ ಸ್ಲಾಟು ಅವರ ಹೆಸರಲ್ಲೇ ಇದೆ, ಅದರಲ್ಲಿ ಎರಡು ಆ ಹನ್ನೊಂದು ಕೆಟ್ಟ ಜಾಗದ ಪೈಕಿ, ಉಳಿದ 12 ಒಳ್ಳೇ ಜಾಗ, ಖಾಲಿ. ಒಳಗೆ 12 ಖಾಲಿ, ಹೊರಗೆ 12 ಕಾರು.

ಎರಡನೇ ಮಹಡೀಲಿ ಇರೋ ಒಬ್ಬ ನರ್ಸ್ ಮೇಡಂ ಅವರದ್ದು ಇಂಥದ್ದೇ ಸ್ಲಾಟು. ಗಂಡ ಹೆಂಡ್ತಿ ಇಬ್ರೂ ಮೆಟ್ರೋದಲ್ಲೇ ಕೆಲಸಕ್ಕೆ ಹೋಗಿ ಬರ್ತಾರೆ, ಇಬ್ಬರಿಗೂ ಕಾರ್ ಓಡಿಸೋಕೆ ಬರಲ್ಲ, ತಗೊಳ್ಳೋ ಯೋಚನೇನೂ ಇಲ್ಲ. ಅವರ ಸ್ಲಾಟಿನಲ್ಲಿ ಒಂದು ಹಳೇ ಮಂಚ, ಒಂದು ಕೆಟ್ಟ ಕೂಲರು, ಮಗು ಬೆಳೆದ ಮೇಲೆ ಬಿಟ್ಟ ಸಣ್ಣ ಸೈಕಲ್ಲು ಇದೆ. ಮನೆ ತಗೊಳ್ಳೋವಾಗ ಕಾರ್ ಪಾರ್ಕಿಂಗ್ ಬೇಡ, ಅದರ ದುಡ್ಡು ಕಮ್ಮಿ ಮಾಡ್ಕೊಳ್ಳಿ ಅಂತ ಅವರು ಕೇಳಿದ್ರಂತೆ. ನಿಯಮ ಇದೆ ಮೇಡಂ, ಮನೆಗೊಂದು ಕಟ್ಟಲೇಬೇಕು, ನೀವು ಬೇಡ ಅಂದ್ರೂ ನಮಗೆ ಖರ್ಚಾಗಿದೆ ಅಂದ್ರಂತೆ ಬಿಲ್ಡರ್ ಕಡೆಯವರು. ಕಾಸ್ಟ್ ಶೀಟಲ್ಲಿ ಕವರ್ಡ್ ಕಾರ್ ಪಾರ್ಕ್ ಅಂತ 3 ಲಕ್ಷದ ಸಾಲು ನಾನೇ ಕಣ್ಣಾರೆ ನೋಡಿದೀನಿ. 20 ವರ್ಷದ ಹೋಮ್ ಲೋನು, ಎಂಟೂವರೆ ಪರ್ಸೆಂಟ್ ಬಡ್ಡಿ ಅಂತ ಹಿಡಿದ್ರೆ ಆ 3 ಲಕ್ಷಕ್ಕೇ ತಿಂಗಳಿಗೆ ಸುಮಾರು 2,600 ರೂಪಾಯಿ ಇಎಂಐ, ಸಾಲ ತೀರೋ ಹೊತ್ತಿಗೆ 6 ಲಕ್ಷ ದಾಟುತ್ತೆ. ಒಂದು ಮಂಚ ಇಡೋ ಜಾಗಕ್ಕೆ ಸರ್.

ಅದನ್ನ ಎರಡು ಕಾರಿರೋರಿಗೆ ಬಾಡಿಗೆಗೆ ಕೊಡಬಹುದಲ್ವಾ ಅಂತ ನೀವು ಕೇಳಬಹುದು, ನಾವೂ ಅದನ್ನೇ ಮಾಡೋಕೆ ಹೋದ್ವಿ. ಎಲ್ಲ ಸ್ಲಾಟನ್ನೂ ಅಸೋಸಿಯೇಷನ್ನಿಗೆ ಬಿಡಿ, ಕಾರಿರೋರಿಗೆ ಹಂಚಿ ತಿಂಗಳಿಗೆ ಇಷ್ಟು ಅಂತ ವಸೂಲಿ ಮಾಡಿ ಕಾರಿಲ್ಲದವರ ಮೇಂಟೆನೆನ್ಸಲ್ಲಿ ಕಳೀತೀವಿ ಅಂತ ಮೀಟಿಂಗಲ್ಲಿ ಇಟ್ವಿ. ಒಪ್ಪಲಿಲ್ಲ. ನನ್ನ ಸೇಲ್ ಡೀಡಲ್ಲಿ ಸ್ಲಾಟ್ ನಂಬರ್ ಬರ್ದಿದೆ, ಬಿಟ್ಟುಕೊಟ್ರೆ ನಾಳೆ ಮಾರೋವಾಗ ರೇಟ್ ಬರಲ್ಲ ಅಂತ ಒಬ್ಬೊಬ್ರೂ ಅಂದ್ರು, ಅವರನ್ನ ತಪ್ಪು ಅನ್ನೋಕೂ ಆಗಲ್ಲ, ದುಡ್ಡು ಕೊಟ್ಟಿದಾರೆ. ವಿಸಿಟರ್ಸಿಗೆ ಅಂತ ನಕ್ಷೇಲಿ ತೋರಿಸಿದ್ದ ಆರು ಜಾಗಾನೂ ಎರಡನೇ ಪಾರ್ಕಿಂಗ್ ಅಂತ ತ್ರೀ ಬಿಎಚ್‌ಕೆಯವರಿಗೆ ಮಾರಿಬಿಟ್ಟಿದಾರೆ, ಹಾಗಾಗಿ ನಮ್ಮಲ್ಲಿ ಯಾರ ಮನೆಗೆ ನೆಂಟರು ಬಂದ್ರೂ ಅವರ ಕಾರು ರಸ್ತೇಲೇ.

ಕಾನೂನು ಇದರ ಬಗ್ಗೆ ಏನೂ ಹೇಳಿಲ್ಲ ಅಂತೇನಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಫ್ಲ್ಯಾಟ್ ಕಾನೂನಿನಡಿ ಬಂದ ಒಂದು ಕೇಸಲ್ಲಿ, ಸ್ಟಿಲ್ಟ್ ಪಾರ್ಕಿಂಗ್ ಅನ್ನೋದು ಗ್ಯಾರೇಜ್ ಅಲ್ಲ, ಅದು ಎಲ್ಲರಿಗೂ ಸೇರಿದ ಕಾಮನ್ ಏರಿಯಾ, ಬಿಲ್ಡರ್ ಅದನ್ನ ಬೇರೆಯಾಗಿ ಮಾರೋ ಹಾಗಿಲ್ಲ ಅಂತ ಹೇಳಿದೆ. 2016ರ ರೇರಾ ಅನ್ನೋ ರಿಯಲ್ ಎಸ್ಟೇಟ್ ಕಾಯ್ದೆ ತೆರೆದ ಪಾರ್ಕಿಂಗನ್ನ ಕಾಮನ್ ಏರಿಯಾ ಅಂತಾನೇ ಬರ್ದಿದೆ, ಗ್ಯಾರೇಜ್ ಅಂದ್ರೆ ಮೇಲೆ ಚಾವಣಿ, ಮೂರು ಕಡೆ ಗೋಡೆ ಇರೋ ಜಾಗ ಅಂತ ಅರ್ಥ ಕೊಟ್ಟಿದೆ. ನಮ್ಮದೇ ರಾಜ್ಯದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೇಲೂ ಕಾಮನ್ ಏರಿಯಾ ಪಟ್ಟೀಲಿ ಪಾರ್ಕಿಂಗ್ ಇದೆ. ಇಷ್ಟೆಲ್ಲ ಇದ್ರೂ ಎಕ್ಸ್‌ಕ್ಲೂಸಿವ್ ಯೂಸ್ ಅಂತ ಒಂದು ಪದ ಸೇರಿಸಿ ನಂಬರ್ ಸಮೇತ ಮಾರ್ತಾನೇ ಇದಾರೆ. ಇದಕ್ಕೆ ದಾರಿ ಮಾಡಿಕೊಡ್ತಾ ಇರೋದು ನಿಮ್ಮ ನಿಯಮದ ಮೌನ. ಮನೆಗೆ ಒಂದು ಅಂತ ಎಣಿಸೋದನ್ನ ಹೇಳುತ್ತೆ, ಎಣಿಸಿದ್ದು ಯಾರ ಕೈಲಿ ಇರ್ಬೇಕು ಅಂತ ಹೇಳಲ್ಲ, ಹಾಗಾಗಿ ಮನೆಗೆ ಒಂದು ಅನ್ನೋದು ನೆಟ್ಟಗೆ ಮನೆ ಜೊತೆ ಮಾರಾಟ ಆಗೋ ವಸ್ತು ಆಗ್ಬಿಟ್ಟಿದೆ.

ಈಗ ನಿಮ್ಮ ಟೇಬಲ್ ಬಗ್ಗೆ ನಮ್ಮ ಲೆಕ್ಕದಲ್ಲಿ ಇನ್ನೂ ಒಂದು ವಿಷಯ ಹೊರಗೆ ಬಂತು. ಆ 55 ಕಾರನ್ನ ಮನೆ ಸೈಜ್ ಪ್ರಕಾರ ಬೇರೆ ಮಾಡಿದ್ವಿ. 40 ಟೂ ಬಿಎಚ್‌ಕೆಗಳಲ್ಲಿ 12 ಮನೇಲಿ ಕಾರಿಲ್ಲ, ಒಂದೇ ಒಂದು ಮನೇಲಿ ಎರಡು, ಒಟ್ಟು 29 ಕಾರು. 20 ತ್ರೀ ಬಿಎಚ್‌ಕೆಗಳಲ್ಲಿ 2 ಮನೇಲಿ ಮಾತ್ರ ಕಾರಿಲ್ಲ, 8 ಮನೇಲಿ ಎರಡೆರಡು, ಒಟ್ಟು 26 ಕಾರು. ಅಂದ್ರೆ ನಾಲ್ಕು ಸಣ್ಣ ಮನೆಗೆ ಮೂರು ಕಾರು, ಮೂರು ದೊಡ್ಡ ಮನೆಗೆ ನಾಲ್ಕು ಕಾರು. ನಿಯಮ ಇಬ್ಬರಿಗೂ ಒಂದೊಂದು ಅನ್ನುತ್ತೆ. ಸಣ್ಣ ಮನೆಯವರು ತಮಗೆ ಬೇಡದ್ದಕ್ಕೆ ದುಡ್ಡು ಕಟ್ತಾರೆ, ದೊಡ್ಡ ಮನೆಯವರು ಎರಡನೇ ಕಾರನ್ನ ಬಿಟ್ಟಿಯಾಗಿ ರಸ್ತೇಲಿ ಬಿಡ್ತಾರೆ. ನಂದು ತ್ರೀ ಬಿಎಚ್‌ಕೆ, ಎರಡು ಕಾರಿತ್ತು, ಒಂದನ್ನ ನಾನೂ ಮೂರು ವರ್ಷ ಹಂಗೇ ರಸ್ತೇಲಿ ಬಿಟ್ಟಿದ್ದೆ, ಅದಕ್ಕೇ ಇದನ್ನ ಇಷ್ಟು ಖಚಿತವಾಗಿ ಬರೀತಾ ಇದೀನಿ.

ಎಲ್ಲಕ್ಕಿಂತ ದೊಡ್ಡ ವಿಷಯ ಟೂವೀಲರ್. ಬೆಂಗಳೂರಲ್ಲಿ ನೋಂದಣಿಯಾಗಿರೋ ಗಾಡಿಗಳಲ್ಲಿ ಮೂರರಲ್ಲಿ ಎರಡು ಪಾಲು ಟೂವೀಲರೇ, ಇದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ನಮ್ಮ 60 ಮನೇಲಿ 83 ಬೈಕು ಸ್ಕೂಟರ್ ಇವೆ. ನಮ್ಮ ಮಂಜೂರಾದ ನಕ್ಷೇಲಿ ಟೂವೀಲರಿಗೆ ಅಂತ ಒಂದು ಗೆರೆ ಇಲ್ಲ. ಒಂದೂ ಇಲ್ಲ. ಹಾಗಾದ್ರೆ ಅವು ಎಲ್ಲಿ ನಿಲ್ತವೆ? ಬೇಸ್‌ಮೆಂಟಲ್ಲಿ ಕಾರು ಓಡಾಡೋ ದಾರಿ ಪಕ್ಕ ಸಾಲಾಗಿ, ಅದರಿಂದ ದಾರಿ ಕಿರಿದಾಗಿ ಕಾರುಗಳು ಎರಡು ಮೂರು ಸಲ ಹಿಂದೆ ಮುಂದೆ ಮಾಡಿ ತಿರುಗಿಸ್ಬೇಕು. ಇನ್ನೊಂದಷ್ಟು ಮೆಟ್ಟಿಲು ಇಳಿದ ತಕ್ಷಣ ಸಿಗೋ ಜಾಗದಲ್ಲಿ, ಫೈರ್ ಪಂಪಿನ ರೂಮಿನ ಮುಂದೆ. ಸೆಕ್ಯುರಿಟಿ ಅಣ್ಣ ದಿನಾ ರಾತ್ರಿ ಹ್ಯಾಂಡಲ್ ಲಾಕ್ ಹಾಕಿರೋ ಗಾಡಿಗಳನ್ನ ಎತ್ತಿ ಎತ್ತಿ ಪಕ್ಕಕ್ಕಿಡ್ತಾರೆ, ಐವತ್ತೈದು ವಯಸ್ಸಿನ ಮನುಷ್ಯ, ಬೆನ್ನು ನೋವು ಅಂತ ಎರಡು ಸಲ ರಜ ಹಾಕಿದ್ರು.

ಇಂಜಿನಿಯರ್ ಸರ್ ಒಂದು ಭಾನುವಾರ ಒಂದು ಖಾಲಿ ಕಾರ್ ಸ್ಲಾಟಲ್ಲಿ ಬೈಕುಗಳನ್ನ ಅಡ್ಡಡ್ಡ ಸಾಲಾಗಿ ನಿಲ್ಲಿಸಿ ತೋರಿಸಿದ್ರು, ಐದೂವರೆ ಮೀಟರ್ ಉದ್ದದಲ್ಲಿ ಆರು ಆರಾಮಾಗಿ ನಿಂತ್ವು. ಅವತ್ತೇ ಕೂತ್ಕೊಂಡು ಪೂರ್ತಿ ಬಿಲ್ಡಿಂಗಿಗೆ ಲೆಕ್ಕ ಹಾಕಿದ್ವಿ, ಸ್ಲಾಟುಗಳು ಯಾರ ಹೆಸರಲ್ಲೂ ಇಲ್ಲದೆ ಎಲ್ಲ ಒಟ್ಟಿಗೆ ನಮ್ಮ ಕೈಲಿದ್ರೆ ಏನಾಗ್ತಿತ್ತು ಅಂತ. ಒಂದರ ಹಿಂದೆ ಒಂದಿರೋ ಐದು ಜೋಡೀನ ಎರಡು ಕಾರಿರೋ ಮನೆಯವರಿಗೆ ಕೊಟ್ರೆ ಕೀ ಕೇಳೋ ಜಗಳಾನೇ ಇಲ್ಲ, ಎರಡೂ ಅವರದೇ, ಆಗ ಆ ಐದು ಕೆಟ್ಟ ಜಾಗಾನೂ ಒಳ್ಳೇದಾಗುತ್ತೆ. ಪ್ಯಾನಲ್ ರೂಮಿಂದು, ರಾಂಪಿಂದು, ಇಕ್ಕಟ್ಟಿಂದು ಬಿಟ್ರೆ 60 ಕಾರ್ ಜಾಗ ಆಯ್ತು, 55 ಕಾರೂ ಒಳಗೆ ಬಂದು ಐದು ಉಳೀತು. ಆ ಐದರಲ್ಲಿ 30 ಬೈಕು. 6.9 ಮೀಟರಲ್ಲಿ ಎರಡೇ ಕಾರು ನಿಲ್ಲಿಸಿದ್ರೆ ಪಕ್ಕದಲ್ಲಿ 1.9 ಮೀಟರ್ ಉಳಿಯುತ್ತೆ, ಅಲ್ಲೂ ಆರಾರು, ಮೂರು ಕಡೆ ಸೇರಿ 18. ಒಟ್ಟು 48 ಬೈಕಿಗೆ ಜಾಗ ಸಿಕ್ತು. ಆಗ್ಲೂ 35 ಬೈಕು ಹೊರಗೇ ಉಳೀತು, ನೆಂಟರ ಕಾರಿಗೆ ಒಂದೂ ಜಾಗ ಇಲ್ಲ. ಆ ಲೆಕ್ಕ ಮುಗಿದಾಗ ನಂಗೆ ಅರ್ಥ ಆಗಿದ್ದು ಇದು, ನಮ್ಮ ಬಿಲ್ಡಿಂಗಲ್ಲಿ ಕಮ್ಮಿ ಬಿದ್ದಿರೋದು ಮನೆಯವರ ಕಾರಿನ ಜಾಗ ಅಲ್ಲ, ಬೈಕಿನ ಜಾಗ, ನೆಂಟರ ಜಾಗ. ಮನೆಗೆ ಎರಡು ಕಾರ್ ಕಡ್ಡಾಯ ಮಾಡಿದ್ರೂ ಅದು ಸರಿ ಹೋಗ್ತಿರ್ಲಿಲ್ಲ, ಆ ಎರಡನೇದನ್ನೂ ನಂಬರ್ ಹಾಕಿ ಮಾರಿರ್ತಿದ್ರು.

ಈಗ ಎದುರಿನ ಪ್ರಾಜೆಕ್ಟಿಗೆ ಬರ್ತೀನಿ. 210 ಮನೆ, ಬಹುತೇಕ ಟೂ ಬಿಎಚ್‌ಕೆ, ಸ್ಟೇಷನ್ನಿಗೆ ಅರ್ಧ ಕಿಲೋಮೀಟರ್ ಆಸುಪಾಸು. ನಿಯಮದ ಲೆಕ್ಕ 210, ವಿಸಿಟರ್ಸಿಗೆ 21, ಒಟ್ಟು 231. ಒಂದು ಕಾರು ನಿಲ್ಲೋಕೆ ಹದಿನಾಲ್ಕು ಚದರ ಮೀಟರ್ ಸಾಕು ಅನ್ಸುತ್ತೆ, ಆದ್ರೆ ಅದರ ಮುಂದಿನ ದಾರಿ, ರಾಂಪು, ಪಿಲ್ಲರು ಎಲ್ಲ ಸೇರಿದ್ರೆ ಕಾರೊಂದಕ್ಕೆ 25ರಿಂದ 30 ಚದರ ಮೀಟರ್ ಕಟ್ಟಬೇಕಾಗುತ್ತೆ. 28 ಅಂತ ಹಿಡಿದ್ರೂ 231 ಕಾರಿಗೆ ಆರೂವರೆ ಸಾವಿರ ಚದರ ಮೀಟರ್, ಅಂದ್ರೆ ಒಂದೂವರೆ ಎಕರೆಗಿಂತ ಜಾಸ್ತಿ ನೆಲ, ಅದನ್ನ ಒಂದರ ಕೆಳಗೊಂದು ಎರಡು ಬೇಸ್‌ಮೆಂಟ್ ಮಾಡಿ ಭೂಮಿ ಒಳಗೆ ಇಳಿಸ್ತಾ ಇದಾರೆ. ಬಂಡೆ ಸಿಕ್ಕಿ ಎರಡು ತಿಂಗಳು ಬ್ರೇಕರ್ ಹೊಡೀತು, ಆಮೇಲೆ ನೀರು ಸಿಕ್ತು, ಹಗಲು ರಾತ್ರಿ ಪಂಪು ಹಾಕಿ ಆ ನೀರನ್ನ ಚರಂಡಿಗೆ ಬಿಡ್ತಾ ಇದಾರೆ, ಅದೇ ರಸ್ತೇಲಿ ನಮಗೆ ಟ್ಯಾಂಕರ್ ನೀರು ಬರ್ತಾ ಇದೆ. ಎರಡನೇ ಬೇಸ್‌ಮೆಂಟಿನ ಖರ್ಚು ಮೊದಲನೇದಕ್ಕಿಂತ ಜಾಸ್ತಿ, ಅದನ್ನ ಕೊಡೋರು ಆ ಟೂ ಬಿಎಚ್‌ಕೆ ಕೊಳ್ಳೋ ಜನ. ನಾವು 2017ರಲ್ಲಿ ಬಂದಾಗ ಇಲ್ಲಿ ಮೆಟ್ರೋ ಇರ್ಲಿಲ್ಲ, 2021ರ ಜನವರೀಲಿ ರೇಷ್ಮೆ ಸಂಸ್ಥೆವರೆಗೂ ರೈಲು ಬಂತು, ನಮ್ಮಲ್ಲಿ ಆಮೇಲೆ ಮೂರು ಮನೆಯವರು ಇದ್ದ ಕಾರು ಮಾರಿದ್ರು. ಸರ್ಕಾರ ಸಾವಿರಾರು ಕೋಟಿ ಹಾಕಿ ರೈಲು ತಂದ ಜಾಗದಲ್ಲಿ, ರೈಲೇ ಇಲ್ಲದ ಊರಾಚೆ ಲೇಔಟಿಗೆ ಎಷ್ಟೋ ಅಷ್ಟೇ ಕಾರ್ ಜಾಗ ಕಡ್ಡಾಯ ಅನ್ನೋದು ಹೆಂಗೆ ಸರಿ?

ಕಡ್ಡಾಯ ಕಮ್ಮಿ ಮಾಡಿದ್ರೆ ಬಿಲ್ಡರುಗಳು ಜಾಗ ಉಳಿಸ್ಕೊಂಡು ಎಲ್ಲ ಕಾರನ್ನೂ ರಸ್ತೆಗೆ ತಳ್ತಾರೆ ಅಂತ ನೀವು ಹೇಳಬಹುದು, ನಮ್ಮ ಅಸೋಸಿಯೇಷನಲ್ಲೇ ಅರ್ಧ ಜನ ಅದನ್ನೇ ಹೇಳಿದ್ರು. ಆ ಭಯ ಸುಳ್ಳಲ್ಲ. ಆದ್ರೆ ಜನ ರಸ್ತೇಲಿ ನಿಲ್ಲಿಸ್ತಿರೋದು ಅಲ್ಲಿ ದುಡ್ಡಿಲ್ಲ, ಕೇಳೋರಿಲ್ಲ ಅಂತ. ಒಳಗೆ ಜಾಗ ಇದ್ರೂ ರಾಂಪ್ ಇಳಿಯೋ ಬೇಜಾರಿಗೆ ಹೊರಗೇ ಬಿಡೋರು ನಮ್ಮ ರಸ್ತೇಲೇ ಎಷ್ಟೋ ಜನ. ಜಪಾನಲ್ಲಿ 1962ರಿಂದಾನೇ ಕಾನೂನಿದೆ, ಕಾರು ತಗೋಬೇಕಾದ್ರೆ ಮನೆ ಹತ್ರ ನಿಲ್ಲಿಸೋಕೆ ಜಾಗ ಇದೆ ಅಂತ ಪೊಲೀಸ್ ಸ್ಟೇಷನ್ನಿಂದ ಸರ್ಟಿಫಿಕೇಟ್ ತರ್ಬೇಕು. ಲಂಡನ್ನಲ್ಲಿ 2004ರ ಪ್ಲಾನಿನಿಂದ ಇಷ್ಟಾದ್ರೂ ಕಟ್ಟಿ ಅನ್ನೋದನ್ನ ಬಿಟ್ಟು ಇಷ್ಟಕ್ಕಿಂತ ಹೆಚ್ಚು ಕಟ್ಟಬೇಡಿ ಅನ್ನೋಕೆ ಬಂದ್ರು, ಅಲ್ಲಿ ರಸ್ತೇಲಿ ನಿಲ್ಲಿಸೋಕೆ ಪರ್ಮಿಟ್ ಬೇಕು, ದುಡ್ಡು ಕೊಡ್ಬೇಕು, ಅದಕ್ಕೇ ಅದು ನಡೀತು. ನಮ್ಮಲ್ಲಿ ರಸ್ತೆ ಬಿಟ್ಟಿ ಇಟ್ಕೊಂಡು ಲಂಡನ್ ಲೆಕ್ಕ ತಂದ್ರೆ ಕೆಡುತ್ತೆ, ನಾನೂ ಅದನ್ನ ಕೇಳ್ತಿಲ್ಲ. 2021ರಲ್ಲೇ ಸರ್ಕಾರ ಬೆಂಗಳೂರಿಗೆ ಪಾರ್ಕಿಂಗ್ ನೀತಿ 2.0 ಅಂತ ಒಪ್ಪಿದೆ, ರಸ್ತೆ ಪಾರ್ಕಿಂಗಿಗೆ ದುಡ್ಡು, ಮನೆಯವರಿಗೆ ಪರ್ಮಿಟ್ ಎಲ್ಲ ಅದರಲ್ಲೇ ಇದೆ. ನಮ್ಮ ರಸ್ತೆಗೆ ಅದು ಬಂದಿಲ್ಲ.

ಹಾಗಾಗಿ ನಾನು ಕೇಳ್ಕೊಳ್ಳೋದು ಇಷ್ಟು. ಮೊದಲನೇದಾಗಿ, ಮತ್ತೆ ಅತಿ ಮುಖ್ಯವಾಗಿ, ನಿಯಮದ ಪ್ರಕಾರ ಎಣಿಸೋ ಪ್ರತಿಯೊಂದು ಪಾರ್ಕಿಂಗ್ ಜಾಗಾನೂ ಅಸೋಸಿಯೇಷನ್ ಕೈಲಿರೋ ಕಾಮನ್ ಜಾಗ, ಯಾವ ಮನೆಯ ಡೀಡಲ್ಲೂ ಸ್ಲಾಟ್ ನಂಬರ್ ಬರೀಬಾರ್ದು, ಗಾಡಿ ಇರೋರಿಗೆ ತಿಂಗಳ ಬಾಡಿಗೆ ಮೇಲೆ ಹಂಚ್ಬೇಕು ಅಂತ ಮಂಜೂರಾತಿ ಷರತ್ತಲ್ಲೇ ಬರೀರಿ. ವಿಸಿಟರ್ಸ್ ಜಾಗಾನ ಬೇರೆ ಬಣ್ಣದಲ್ಲಿ ಗೆರೆ ಹಾಕಿ ನಕ್ಷೆಯ ಪ್ರತೀನ ಗೇಟ್ ಹತ್ರ ಅಂಟಿಸೋದು ಕಡ್ಡಾಯ ಮಾಡಿ, ಯಾರು ಮಾರಿದ್ರೂ ಕೊಳ್ಳೋರಿಗೆ ಅಲ್ಲೇ ಗೊತ್ತಾಗ್ಲಿ. ಎರಡನೇದು, ಟೇಬಲಲ್ಲಿ ಟೂವೀಲರಿಗೆ ಅಂತಾನೇ ಸಾಲು ಸೇರಿಸಿ, ಮನೆಗೆ ಒಂದಾದ್ರೂ ಇರ್ಲಿ, ಅದಕ್ಕೆ ನಕ್ಷೇಲಿ ಗೆರೆ ಇರ್ಲಿ, ಅದನ್ನ ಕಾರು ಓಡಾಡೋ ದಾರೀಲಿ ಎಳೆಯೋ ಹಾಗಿಲ್ಲ ಅಂತಾನೂ ಬರೀರಿ. ಮೂರನೇದು, 50ರಿಂದ 150ರ ಆ ಸ್ಲ್ಯಾಬನ್ನ ಒಡೀರಿ, 100 ಚದರ ಮೀಟರ್ ಒಳಗಿನ ಮನೆಗಳಿಗೆ ಮೆಟ್ರೋ ಹತ್ರ ಇದ್ರೆ ನಾಲ್ಕು ಮನೆಗೆ ಮೂರು ಅಂತ ಇಳಿಸಿ, ಆದ್ರೆ ಆ ರಸ್ತೆಗಳಿಗೆ ಪರ್ಮಿಟ್ ಪಾರ್ಕಿಂಗ್ ಬಂದ ಮೇಲೇ ಇಳಿಸಿ, ಮೊದಲು ಬೇಡ. ಒಂದು ಬಿಲ್ಡಿಂಗಿನ ಲೆಕ್ಕ ನಂಬಿ ಊರಿಗೆಲ್ಲ ನಿಯಮ ಮಾಡಿ ಅಂತ ನಾನು ಹೇಳಲ್ಲ. ಓಸಿ ಸಿಕ್ಕಿರೋ ಬಿಲ್ಡಿಂಗುಗಳ ಪಟ್ಟಿ ನಿಮ್ಮ ಹತ್ರ ಇದೆ, ಬೇರೆ ಬೇರೆ ಏರಿಯಾದ ನೂರು ಬಿಲ್ಡಿಂಗಿಗೆ ರಾತ್ರಿ ಹನ್ನೊಂದಕ್ಕೆ ಇಬ್ಬಿಬ್ಬರನ್ನ ಕಳ್ಸಿ, ಒಳಗೆ ಎಷ್ಟು ಕಾರು, ಎಷ್ಟು ಬೈಕು, ಎಷ್ಟು ಖಾಲಿ, ಹೊರಗೆ ಎಷ್ಟು ಅಂತ ಎಣಿಸಿ, ಅದನ್ನ ಮನೆ ಸೈಜ್ ಜೊತೆ ಹಾಕಿ ಪ್ರಕಟ ಮಾಡಿ, ಆ ಸಂಖ್ಯೆ ನೋಡ್ಕೊಂಡು ಟೇಬಲ್ ಬರೀರಿ.

ಕೊನೇದು ಓಸಿ ವಿಷಯ. ಓಸಿ ಕೊಡೋಕೆ ಮುಂಚೆ ಒಂದು ಮಾಮೂಲಿ ನಾಲ್ಕು ಮೀಟರ್ ಉದ್ದದ ಕಾರು ತಂದು ಪ್ರತಿ ಸ್ಲಾಟಿಗೂ ಹಾಕಿ, ಅಕ್ಕಪಕ್ಕದ ಎರಡು ಸ್ಲಾಟಿನಲ್ಲೂ ಕಾರು ನಿಲ್ಲಿಸಿ, ಡ್ರೈವರ್ ಬಾಗಿಲು ತೆಗೆದು ಇಳಿದು ತೋರಿಸ್ಲಿ. ಇಳಿಯೋಕಾಗದ ಸ್ಲಾಟು, ಇನ್ನೊಬ್ಬರ ಕಾರು ತೆಗೆಸದೆ ಹೊರಗೆ ಬಾರದ ಸ್ಲಾಟು ಎಣಿಕೇಲಿ ಬರಬಾರ್ದು. ನೂರು ಸ್ಲಾಟಿಗೂ ಒಂದು ದಿನದ ಕೆಲಸ ಸರ್ ಇದು. ಎದುರಿನ ಪ್ರಾಜೆಕ್ಟಿಗೆ ಇನ್ನೂ ಪಿಲ್ಲರ್ ಎದ್ದಿಲ್ಲ, ಫೂಟಿಂಗ್ ಕಂಬಿ ಕಟ್ತಾ ಇದಾರೆ ಅಷ್ಟೆ. ಅವರ ನಕ್ಷೇಲಿ ಪಿಲ್ಲರ್ ಮುಖದಿಂದ ಮುಖಕ್ಕೆ ಎಷ್ಟಿದೆ, ಟೂವೀಲರ್ ಎಲ್ಲಿ ನಿಲ್ತವೆ, ಆ 21 ವಿಸಿಟರ್ಸ್ ಜಾಗ ಯಾವುದು ಅಂತ ಈ ವಾರವೇ ಯಾರಾದ್ರೂ ಒಬ್ಬರು ಬಂದು ನೋಡ್ಬೇಕು ಅಂತ ಕೈ ಮುಗಿದು ಕೇಳ್ತೀನಿ. ಟೇಪು ನಮ್ಮ ಹತ್ರ ಇದೆ, ನಾವು ಮಾಡಿದ ಪೂರ್ತಿ ಲೆಕ್ಕದ ಹಾಳೇನೂ ಇದೆ, ಯಾವಾಗ ಕರೆದ್ರೂ ತಗೊಂಡು ಬರ್ತೀವಿ.

ಇಂತಿ ನಿಮ್ಮ ವಿಶ್ವಾಸಿ,
ಕನಕಪುರ ರಸ್ತೆಯ ಒಬ್ಬ ಫ್ಲ್ಯಾಟ್ ಮಾಲೀಕ